ಕೋಷ್ಟಕ 3ನ್ನು ಕತ್ತರಿಸಿ ತೆಗೆದು ಒಂಟಿಯಾಗಿ ಓದಿದಾಗ

ಪ್ರಶ್ನೆ: ನಾನು ಬೇಸಾಯಶಾಸ್ತ್ರದಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. ರಾಗಿಯ ಬಿತ್ತನೆ ಕಾಲ ಮತ್ತು ಸಾರಜನಕದ ಪ್ರಮಾಣದ ಬಗ್ಗೆ ಎರಡು ವರ್ಷ ನಡೆಸಿದ ಕ್ಷೇತ್ರ ಪ್ರಯೋಗವನ್ನು ಲೇಖನವಾಗಿ ಕಳಿಸಿದ್ದೆ. ‘ಕೋಷ್ಟಕಗಳೂ ಚಿತ್ರಗಳೂ ತಮ್ಮಷ್ಟಕ್ಕೆ ಅರ್ಥವಾಗುತ್ತಿಲ್ಲ, ಶೀರ್ಷಿಕೆಗಳನ್ನು ತಿದ್ದಿ ಬರೆಯಿರಿ’ ಎಂದು ಪರಿಶೀಲಕರು ಹಿಂದಿರುಗಿಸಿದ್ದಾರೆ. ಎಲ್ಲವನ್ನೂ ಅಡಿಬರಹಕ್ಕೆ ತುಂಬಿದರೆ ವಿಧಾನದ ಭಾಗವನ್ನೇ ಮತ್ತೊಮ್ಮೆ ಬರೆದಂತಾಗುವುದಿಲ್ಲವೇ, ಸರ್? ಎಷ್ಟು ಬರೆದರೆ ಸಾಕು? ಕೋಷ್ಟಕ 3 ಮತ್ತು ಚಿತ್ರ 2ನ್ನು ಲೇಖನದ ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಲೇಖನವನ್ನು ಓದುವ ಮೊದಲು ಕೋಷ್ಟಕ 3ನ್ನು ಮಾತ್ರ ಮುದ್ರಿಸಿಕೊಂಡು, ಸುತ್ತಲಿನ ಪಠ್ಯವನ್ನು ಕತ್ತರಿಸಿ ತೆಗೆದು, ಮೇಜಿನ ಮೇಲೆ ಇಟ್ಟುಕೊಂಡೆ. ಶೀರ್ಷಿಕೆ ಹೀಗಿತ್ತು (ನೀವು ಇಂಗ್ಲಿಷಿನಲ್ಲಿ ಬರೆದದ್ದನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ):

‘ಕೋಷ್ಟಕ 3. ಇಳುವರಿ ಮತ್ತು ಇಳುವರಿಯ ಅಂಶಗಳ ಮೇಲೆ ವಿವಿಧ ಉಪಚಾರಗಳ ಪರಿಣಾಮ.’

ಯಾವ ಬೆಳೆ? ಯಾವ ಉಪಚಾರ? ಒಂದು ವರ್ಷದ ಅಂಕಿಯೇ, ಎರಡು ವರ್ಷದ ಸರಾಸರಿಯೇ? ಎಡಗಡೆಯ ಸಾಲುಗಳಲ್ಲಿ ಎಂ1, ಎಂ2, ಎಂ3, ಅದರ ಕೆಳಗೆ ಎಸ್1ರಿಂದ ಎಸ್4ರವರೆಗೆ ಸಂಕೇತಗಳು. ಕೊನೆಯಲ್ಲಿ ಎಸ್.ಇ.ಎಂ., ಸಿ.ಡಿ., ಎನ್.ಎಸ್. ಎಂಬ ಮೂರು ಹೆಸರುಗಳು. ಈ ಶೀರ್ಷಿಕೆಯನ್ನು ಜೋಳದ ಲೇಖನಕ್ಕೂ ಹತ್ತಿಯ ಲೇಖನಕ್ಕೂ ಒಂದಕ್ಷರ ಬದಲಿಸದೆ ಅಂಟಿಸಬಹುದು. ನಮ್ಮ ಕೃಷಿ ಪ್ರಬಂಧಗಳಲ್ಲಿ ಇದು ತಲೆಮಾರುಗಳಿಂದ ನಡೆದು ಬಂದ ರೂಢಿ. ನಾನೂ ಹೀಗೆಯೇ ಬರೆದವನು. ಅದರ ಬೆಲೆಯನ್ನೂ ತೆತ್ತಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಭಯದ ವಿಚಾರ. ವಿಧಾನದ ಭಾಗಕ್ಕೂ ಅಡಿಬರಹಕ್ಕೂ ನಡುವೆ ಒಂದು ಗೆರೆ ಇದೆ, ಮತ್ತು ಅದು ಸಾಕಷ್ಟು ಸ್ಪಷ್ಟವಾಗಿಯೇ ಇದೆ. ನಿಮ್ಮ ಪ್ರಯೋಗವನ್ನು ಇನ್ನೊಬ್ಬರು ಮತ್ತೆ ಮಾಡಬೇಕಾದರೆ ಏನು ಬೇಕೋ ಅದು ವಿಧಾನಕ್ಕೆ ಸೇರಿದ್ದು. ನಿಮ್ಮ ಕೋಷ್ಟಕದ ಒಂದು ಅಂಕಿಯನ್ನು ತಪ್ಪಿಲ್ಲದೆ ಓದಬೇಕಾದರೆ ಏನು ಬೇಕೋ ಅದು ಶೀರ್ಷಿಕೆಗೆ ಅಥವಾ ಅಡಿಟಿಪ್ಪಣಿಗೆ ಸೇರಿದ್ದು. ಮಣ್ಣಿನ ರಸಸಾರ ಎಷ್ಟು, ತಾಕಿನ ಅಳತೆ ಎಷ್ಟು, ಯೂರಿಯಾವನ್ನು ಎಷ್ಟು ಕಂತಿನಲ್ಲಿ ಕೊಟ್ಟಿರಿ, ಕಳೆ ಎಷ್ಟು ಸಲ ತೆಗೆಸಿದಿರಿ ಎಂಬುದು ತಿಳಿಯದಿದ್ದರೂ ಕಾಳಿನ ಇಳುವರಿಯ ಅಂಕಿಯನ್ನು ಓದಬಹುದು. ಆದರೆ ಆ ಅಂಕಿ ಹೆಕ್ಟೇರಿಗೋ ಎಕರೆಗೋ, ಎಷ್ಟು ತೇವಾಂಶದ ಕಾಳಿನದು, ಎಷ್ಟು ತಾಕುಗಳ ಸರಾಸರಿ ಎಂದು ತಿಳಿಯದಿದ್ದರೆ ಓದಿದರೂ ತಪ್ಪಾಗಿ ಓದಿದಂತೆ. ಒಂದು ಮಾಹಿತಿಯ ಬಗ್ಗೆ ಅನುಮಾನ ಬಂದರೆ ಹೀಗೆ ಕೇಳಿಕೊಳ್ಳಿ: ಇದನ್ನು ಬಿಟ್ಟರೆ ಓದುಗರು ಈ ಅಂಕಿಯನ್ನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳುವ ಸಾಧ್ಯತೆ ಇದೆಯೇ? ಇದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ.

ಎರಡನೆಯದಾಗಿ, ಶೀರ್ಷಿಕೆಯನ್ನು ಉದ್ದ ಮಾಡುವ ಮೊದಲು ಕೋಷ್ಟಕವನ್ನು ಸರಿಮಾಡಿ. ಎಂ1 ಎಂದರೆ ಜುಲೈ ಮೊದಲ ವಾರದ ಬಿತ್ತನೆ, ಎಸ್3 ಎಂದರೆ 50 ಕೆ.ಜಿ. ಸಾರಜನಕ ಎಂದು ಶೀರ್ಷಿಕೆಯಲ್ಲೋ ಅಡಿಟಿಪ್ಪಣಿಯಲ್ಲೋ ವಿವರಿಸಲು ಹೊರಟರೆ ಏಳು ಸಂಕೇತಗಳಿಗೆ ಮೂರು ಸಾಲು ಹೋಗುತ್ತದೆ. ಓದುಗರ ಕಣ್ಣು ಮೇಲೆ ಕೆಳಗೆ ಓಡಾಡಿ ದಣಿಯುತ್ತದೆ. ಸಾಲಿನ ಹೆಸರೇ ‘ಜುಲೈ ಮೊದಲ ವಾರ’ ಎಂದಿರಲಿ, ಇನ್ನೊಂದು ‘50’ ಎಂದಿರಲಿ, ಅವುಗಳ ಮೇಲೆ ‘ಸಾರಜನಕ, ಹೆಕ್ಟೇರಿಗೆ ಕೆ.ಜಿ.’ ಎಂಬ ತಲೆಬರಹ ಇರಲಿ. ಸಂಕೇತಗಳು ನೀವು ಹೊಲದಲ್ಲಿ ಗೂಟಕ್ಕೆ ಕಟ್ಟುವ ಚೀಟಿಗೆ ಬೇಕು, ವಿಶ್ಲೇಷಣೆಯ ಕಡತಕ್ಕೆ ಬೇಕು. ಓದುಗರಿಗೆ ಅವುಗಳಿಂದ ಏನೂ ಉಪಯೋಗವಿಲ್ಲ. ಹಾಗೆಯೇ ಪ್ರತಿ ಕಂಬಸಾಲಿನ ತಲೆಯಲ್ಲಿ ಅಳತೆಯ ಮಾನವನ್ನು ಬರೆದರೆ ಶೀರ್ಷಿಕೆಯಲ್ಲಿ ಅದನ್ನು ಹೇಳಬೇಕಾಗುವುದಿಲ್ಲ. ತಮ್ಮಷ್ಟಕ್ಕೆ ಅರ್ಥವಾಗುವ ಕೋಷ್ಟಕಗಳ ಶೀರ್ಷಿಕೆ ಎಷ್ಟೋ ಸಲ ಹಳೆಯದಕ್ಕಿಂತ ಹೆಚ್ಚು ಉದ್ದವಾಗಿರುವುದಿಲ್ಲ. ಕೆಲಸವನ್ನು ಸಾಲುಗಳೇ ಮಾಡಿರುತ್ತವೆ.

ಇನ್ನು ನಿಮ್ಮ ಕೋಷ್ಟಕದ ನಿಜವಾದ ತೊಡಕಿಗೆ ಬರೋಣ. ನಿಮ್ಮದು ಸ್ಪ್ಲಿಟ್ ಪ್ಲಾಟ್ ವಿನ್ಯಾಸ. ಮುಖ್ಯ ತಾಕಿನಲ್ಲಿ ಮೂರು ಬಿತ್ತನೆ ಕಾಲ, ಉಪತಾಕಿನಲ್ಲಿ ನಾಲ್ಕು ಸಾರಜನಕ ಪ್ರಮಾಣ, ಮೂರು ಪುನರಾವರ್ತನೆ, ಎರಡು ವರ್ಷ. ಕೋಷ್ಟಕದ ಕೆಳಗೆ ‘ಪುನರಾವರ್ತನೆ 3’ ಎಂದಷ್ಟೇ ಬರೆದಿದ್ದೀರಿ. ಅದನ್ನು ಓದಿದವರು ಪ್ರತಿ ಅಂಕಿಯೂ ಮೂರು ತಾಕುಗಳ ಸರಾಸರಿ ಎಂದು ತಿಳಿಯುತ್ತಾರೆ. ಹಾಗಲ್ಲ. ‘ಜುಲೈ ಮೊದಲ ವಾರ’ ಎಂಬ ಸಾಲು ನಾಲ್ಕು ಸಾರಜನಕ ಪ್ರಮಾಣಗಳನ್ನೂ ಒಟ್ಟು ಮಾಡಿದ ಸರಾಸರಿ. ನಾಲ್ಕು, ಮೂರು, ಎರಡನ್ನು ಗುಣಿಸಿದರೆ 24 ಅಳತೆಗಳು. ಸಾರಜನಕದ ಒಂದು ಸಾಲಿನಲ್ಲಿ ಮೂರು ಬಿತ್ತನೆ, ಮೂರು ಪುನರಾವರ್ತನೆ, ಎರಡು ವರ್ಷ ಸೇರಿ 18 ಅಳತೆಗಳು. ಈ ಎರಡು ಗುಂಪುಗಳಿಗೆ ಎಸ್.ಇ.ಎಂ. ಬೇರೆ, ಸಿ.ಡಿ.ಯೂ ಬೇರೆ. ನೀವು ಅವನ್ನು ಬೇರೆಬೇರೆಯಾಗಿ ಕೊಟ್ಟಿದ್ದೀರಿ ನಿಜ, ಆದರೆ ಯಾವುದು ಯಾವುದರದು ಎಂದು ಹೆಸರಿಸಿಲ್ಲ. ಮುಖ್ಯ ತಾಕಿನ ಸಿ.ಡಿ.ಯನ್ನು ಹಿಡಿದು ಸಾರಜನಕದ ಸಾಲುಗಳನ್ನು ಹೋಲಿಸಿದವರು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ತಪ್ಪು ಅವರದಲ್ಲ.

ಇದಕ್ಕಿಂತ ದೊಡ್ಡ ವಿಷಯ ಪರಸ್ಪರ ಪ್ರಭಾವದ್ದು. ಬಿತ್ತನೆ ತಡವಾದಂತೆ ಸಾರಜನಕಕ್ಕೆ ಬೆಳೆ ಸ್ಪಂದಿಸುವ ರೀತಿಯೇ ಬದಲಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಲೇಖನದ ಒಂಬತ್ತನೆಯ ಪುಟದಲ್ಲಿದೆ. ಬದಲಾಗಿದ್ದಕ್ಕೆ ಪುರಾವೆ ಸಿಗಲಿಲ್ಲ ಎಂದು ಒಂದೇ ವಾಕ್ಯ. ಆ ವಾಕ್ಯ ಕೋಷ್ಟಕದ ಕೆಳಗೆ ಬರಲೇಬೇಕು, ಏಕೆಂದರೆ ಹಾಗೆ ಇರುವುದರಿಂದ ಮಾತ್ರ ಎಲ್ಲ ಬಿತ್ತನೆಗಳನ್ನು ಒಟ್ಟು ಮಾಡಿದ ಸರಾಸರಿಗೆ ಅರ್ಥ ಬರುತ್ತದೆ. ಒಂದು ವೇಳೆ ಪರಸ್ಪರ ಪ್ರಭಾವ ಕಂಡುಬಂದಿದ್ದರೆ ಯಾವ ಶೀರ್ಷಿಕೆಯೂ ಈ ಕೋಷ್ಟಕವನ್ನು ಉಳಿಸುತ್ತಿರಲಿಲ್ಲ. ಆಗ ಹನ್ನೆರಡು ಜೋಡಿಗಳ ಕೋಷ್ಟಕವನ್ನೇ ಬೇರೆಯಾಗಿ ಕೊಡಬೇಕಾಗುತ್ತಿತ್ತು.

ನಾನು ತಿದ್ದಿದ ರೂಪ ಇದು:

‘ಕೋಷ್ಟಕ 3. ಮೂರು ಅವಧಿಗಳಲ್ಲಿ ಬಿತ್ತಿ, ನಾಲ್ಕು ಪ್ರಮಾಣದ ಸಾರಜನಕ ಕೊಟ್ಟ ಮಳೆಯಾಶ್ರಿತ ರಾಗಿಯ (ಜಿಪಿಯು-28) ತೆಂಡೆಗಳ ಸಂಖ್ಯೆ, ಸಾವಿರ ಕಾಳಿನ ತೂಕ, ಕಾಳು ಮತ್ತು ಹುಲ್ಲಿನ ಇಳುವರಿ. ಬೆಂಗಳೂರು, 2021 ಮತ್ತು 2022ರ ಮುಂಗಾರಿನ ಸರಾಸರಿ.’

ಕೆಳಗಿನ ಅಡಿಟಿಪ್ಪಣಿ: ‘ಬಿತ್ತನೆಯ ಸಾಲುಗಳು ನಾಲ್ಕೂ ಸಾರಜನಕ ಪ್ರಮಾಣಗಳ ಸರಾಸರಿ (24 ಅಳತೆ), ಸಾರಜನಕದ ಸಾಲುಗಳು ಮೂರೂ ಬಿತ್ತನೆಗಳ ಸರಾಸರಿ (18 ಅಳತೆ). ಸ್ಪ್ಲಿಟ್ ಪ್ಲಾಟ್ ವಿನ್ಯಾಸ, ವರ್ಷಕ್ಕೆ ಮೂರು ಪುನರಾವರ್ತನೆ. ಕಾಳಿನ ಇಳುವರಿಯನ್ನು ಶೇ 12ರ ತೇವಾಂಶಕ್ಕೆ ಹೊಂದಿಸಿದೆ. ಎಸ್.ಇ.ಎಂ.: ಸರಾಸರಿಯ ಮಾನಕ ದೋಷ, ಸಿ.ಡಿ.: ಶೇ 5ರ ಮಟ್ಟದಲ್ಲಿ ನಿರ್ಣಾಯಕ ವ್ಯತ್ಯಾಸ, ಎನ್.ಎಸ್.: ಆ ಮಟ್ಟದಲ್ಲಿ ವ್ಯತ್ಯಾಸ ಸಾಬೀತಾಗಿಲ್ಲ. ಬಿತ್ತನೆ ಮತ್ತು ಸಾರಜನಕದ ಪರಸ್ಪರ ಪ್ರಭಾವ ಎಲ್ಲ ಅಂಶಗಳಲ್ಲೂ ಎನ್.ಎಸ್.’

ಶೀರ್ಷಿಕೆಯಲ್ಲಿ ‘ಪರಿಣಾಮ’ ಎಂಬ ಪದ ಹೋಗಿರುವುದನ್ನು ಗಮನಿಸಿ. ಅದಕ್ಕೆ ನನ್ನ ವಿರೋಧವೇನೂ ಇಲ್ಲ. ಆದರೆ ‘ಇದರ ಮೇಲೆ ಅದರ ಪರಿಣಾಮ’ ಎಂದು ಶುರು ಮಾಡಿದ ಕೂಡಲೇ ಕೈ ತಾನಾಗಿಯೇ ‘ವಿವಿಧ ಉಪಚಾರಗಳ’ ಎಂದು ಬರೆದು ಮುಗಿಸಿಬಿಡುತ್ತದೆ. ಏನನ್ನು ಅಳೆದಿರಿ, ಯಾವ ಬೆಳೆಯಲ್ಲಿ, ಎಲ್ಲಿ, ಯಾವಾಗ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಾಗಿ ಬರೆಯಲು ಕೂತರೆ ಆ ಅಭ್ಯಾಸ ತಪ್ಪುತ್ತದೆ. ಎನ್.ಎಸ್. ಅನ್ನು ‘ವ್ಯತ್ಯಾಸವಿಲ್ಲ’ ಎಂದು ಬರೆಯದೆ ‘ಸಾಬೀತಾಗಿಲ್ಲ’ ಎಂದು ಬರೆದಿರುವುದೂ ಬೇಕೆಂದೇ. ವ್ಯತ್ಯಾಸ ಕಾಣದಿರುವುದಕ್ಕೆ ಕಾರಣ ವ್ಯತ್ಯಾಸ ಇಲ್ಲದಿರುವುದೂ ಆಗಬಹುದು, ತಾಕುಗಳು ಸಾಲದಿರುವುದೂ ಆಗಬಹುದು.

ಬೆಲೆ ತೆತ್ತ ಕಥೆ ಇಲ್ಲಿ ಬರುತ್ತದೆ. ನನ್ನ ಆರಂಭದ ವರ್ಷಗಳ ಲೇಖನವೊಂದರಲ್ಲಿ ಎರಡು ಕೋಷ್ಟಕಗಳು ಅಕ್ಕಪಕ್ಕ ಇದ್ದವು. ಒಂದರಲ್ಲಿ ಮೊದಲ ವರ್ಷದ ಇಳುವರಿ, ಇನ್ನೊಂದರಲ್ಲಿ ಎರಡೂ ವರ್ಷದ ಸರಾಸರಿ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಶೀರ್ಷಿಕೆ ಕೊಟ್ಟಿದ್ದೆ. ವ್ಯತ್ಯಾಸ ಏನೆಂದು ಪಠ್ಯದಲ್ಲಿ ಬರೆದಿದ್ದೆನಲ್ಲ ಎಂಬ ಧೈರ್ಯ. ಮೊದಲ ವರ್ಷ ಮಳೆ ಚೆನ್ನಾಗಿತ್ತು, ಎರಡನೆಯ ವರ್ಷ ತೆನೆ ಬರುವ ಹೊತ್ತಿಗೆ ಕೈಕೊಟ್ಟಿತ್ತು. ಕೆಲವು ವರ್ಷಗಳ ನಂತರ ಬೇರೊಬ್ಬರು ಬರೆದ ವಿಮರ್ಶಾ ಲೇಖನದಲ್ಲಿ ನನ್ನ ಮೊದಲ ವರ್ಷದ ಅಂಕಿ ‘ಎರಡು ವರ್ಷದ ಸರಾಸರಿ’ ಎಂದು ದಾಖಲಾಯಿತು. ಅದನ್ನು ನೋಡಿ ಇನ್ನಿಬ್ಬರು ಹಾಗೆಯೇ ಉಲ್ಲೇಖಿಸಿದರು. ನಾನು ಯಾರಿಗೆ ಪತ್ರ ಬರೆಯಲಿ? ಅವರು ಕೋಷ್ಟಕವನ್ನು ಓದಿದ್ದರು, ಕೋಷ್ಟಕ ಹೇಳಬೇಕಾದದ್ದನ್ನು ಹೇಳಿರಲಿಲ್ಲ, ಅಷ್ಟೇ.

ಚಿತ್ರ 2ರಲ್ಲಿ ಇರುವುದು ಬೇರೆ ಬಗೆಯ ಮೌನ. ‘ಚಿತ್ರ 2. ಬೆಳವಣಿಗೆಯ ವಿವಿಧ ಹಂತಗಳಲ್ಲಿ ಒಣ ಪದಾರ್ಥದ ಶೇಖರಣೆ’ ಎಂದಿದೆ. ನಾಲ್ಕು ಬಣ್ಣದ ಗೆರೆಗಳು, ಪ್ರತಿ ಬಿಂದುವಿಗೂ ಮೇಲೆ ಕೆಳಗೆ ಚಾಚಿದ ಸಣ್ಣ ದೋಷಗೆರೆ. ಆ ಗೆರೆ ಏನನ್ನು ತೋರಿಸುತ್ತದೆ ಎಂದು ಎಲ್ಲಿಯೂ ಇಲ್ಲ. ವಿಧಾನದ ಭಾಗದಲ್ಲೂ ಹುಡುಕಿದೆ, ಇಲ್ಲ.

ಇದು ಸಣ್ಣ ಲೋಪವಲ್ಲ. ಒಂದು ಬಿಂದುವನ್ನು ತೆಗೆದುಕೊಳ್ಳಿ. ಮೂರು ತಾಕುಗಳ ಅಂಕಿಗಳ ನಡುವಿನ ಮಾನಕ ವಿಚಲನೆ 6 ಗ್ರಾಂ ಎಂದಿಟ್ಟುಕೊಳ್ಳೋಣ. ದೋಷಗೆರೆ ಮಾನಕ ವಿಚಲನೆಯನ್ನು ತೋರಿಸಿದರೆ ಅದು ಸರಾಸರಿಯ ಎರಡೂ ಬದಿಗೆ 6 ಗ್ರಾಂ ಚಾಚುತ್ತದೆ. ಮಾನಕ ದೋಷವಾದರೆ 6ನ್ನು ಮೂರರ ವರ್ಗಮೂಲದಿಂದ ಭಾಗಿಸಬೇಕು, ಸುಮಾರು 3.5 ಗ್ರಾಂ. ಶೇ 95ರ ವಿಶ್ವಾಸಾಂತರವಾದರೆ ಮೂರೇ ತಾಕುಗಳಿರುವಾಗ ಆ 3.5ನ್ನು 4.3ರಿಂದ ಗುಣಿಸಬೇಕು, ಸುಮಾರು 15 ಗ್ರಾಂ. ಒಂದೇ ದತ್ತಾಂಶ, ಮೂರು ಉದ್ದದ ಗೆರೆಗಳು. ಅತಿ ಚಿಕ್ಕದು ಅತಿ ದೊಡ್ಡದರ ಕಾಲು ಭಾಗವೂ ಇಲ್ಲ. ಹೆಸರಿಲ್ಲದ ಗೆರೆಯನ್ನು ನೋಡಿ ಓದುಗರು ತಮಗೆ ರೂಢಿಯಿರುವ ಅರ್ಥವನ್ನು ತುಂಬಿಕೊಳ್ಳುತ್ತಾರೆ. ಹಲವು ಪ್ರಯೋಗಗಳ ಫಲಿತಾಂಶಗಳನ್ನು ಕಲೆಹಾಕಿ ಲೆಕ್ಕ ಹಾಕುವವರಂತೂ ಬಹುಪಾಲು ಕೋಷ್ಟಕ, ಚಿತ್ರಗಳಿಂದಲೇ ಅಂಕಿ ಎತ್ತಿಕೊಳ್ಳುತ್ತಾರೆ. ನಿಮ್ಮ ಮಾನಕ ದೋಷವನ್ನು ಅವರು ಮಾನಕ ವಿಚಲನೆ ಎಂದುಕೊಂಡರೆ ಮೂರು ಪುನರಾವರ್ತನೆಯ ನಿಮ್ಮ ಪ್ರಯೋಗಕ್ಕೆ ಸಲ್ಲಬೇಕಾದದ್ದರ ಮೂರು ಪಟ್ಟು ತೂಕ ಸಿಗುತ್ತದೆ.

ಗೆರೆಯ ಹೆಸರಿನ ಜೊತೆಗೆ ಎಷ್ಟು ಅಳತೆಗಳಿಂದ ಅದು ಬಂತು ಎಂಬುದನ್ನೂ ಹೇಳಬೇಕು. ಇಲ್ಲಿ ಒಂದು ಗುಂಡಿ ಇದೆ. ನೀವು ಪ್ರತಿ ತಾಕಿನಿಂದ ಐದು ಗುಣಿಗಳನ್ನು ಕಿತ್ತು ಒಣಗಿಸಿ ತೂಗಿದ್ದೀರಿ. ಮೂರು ತಾಕು, ಒಟ್ಟು ಹದಿನೈದು ಗುಣಿ. ನಿಮ್ಮ ದೋಷಗೆರೆ ಹದಿನೈದರ ಲೆಕ್ಕದಿಂದ ಬಂದಿರಬಹುದೆಂದು ಅನುಮಾನಿಸಿ ಪೂರಕ ಹಾಳೆಯಲ್ಲಿದ್ದ ಅಂಕಿಗಳಿಂದ ಒಂದು ಬಿಂದುವನ್ನು ಲೆಕ್ಕ ಹಾಕಿ ನೋಡಿದೆ. ಅನುಮಾನ ನಿಜವಾಯಿತು. ಒಂದೇ ತಾಕಿನ ಐದು ಗುಣಿಗಳು ಒಂದೇ ಮಣ್ಣು, ಒಂದೇ ಗೊಬ್ಬರ ಉಂಡ ಒಡಹುಟ್ಟಿದವರು. ಸಾರಜನಕವನ್ನು ಕೊಟ್ಟದ್ದು ತಾಕಿಗೆ, ಗುಣಿಗಲ್ಲ. ಆದ್ದರಿಂದ ಐದು ಗುಣಿಗಳ ಸರಾಸರಿ ತೆಗೆದು ತಾಕಿಗೆ ಒಂದು ಅಂಕಿ ಮಾಡಿಕೊಂಡು, ಮೂರು ಅಂಕಿಗಳಿಂದ ಮಾನಕ ದೋಷವನ್ನು ಲೆಕ್ಕ ಹಾಕಬೇಕು. ಅಡಿಬರಹ ಬರೆಯಲು ಕೂತಾಗಲೇ ಇಂಥವು ಹೊರಬೀಳುವುದು. ‘ಎಷ್ಟರ ಸರಾಸರಿ’ ಎಂದು ಬರೆಯಲು ಪೆನ್ನು ತಡೆದರೆ, ತಡೆದದ್ದು ಭಾಷೆಯಲ್ಲ, ಲೆಕ್ಕ.

ಇನ್ನೆರಡು ಮಾತು ಇದೇ ಚಿತ್ರದ ಬಗ್ಗೆ. ಇದು ಜುಲೈ ಮೂರನೆಯ ವಾರ ಬಿತ್ತಿದ ತಾಕುಗಳದ್ದು ಮಾತ್ರ, ಅದೂ 2022ರದು ಮಾತ್ರ ಎಂದು ನನಗೆ ತಿಳಿದದ್ದು ಏಳನೆಯ ಪುಟದಲ್ಲಿ. ಕೋಷ್ಟಕ 3 ಎರಡು ವರ್ಷದ ಸರಾಸರಿಯಾಗಿರುವುದರಿಂದ ಓದುಗರು ಚಿತ್ರವೂ ಹಾಗೆಯೇ ಎಂದುಕೊಳ್ಳುವುದು ಸಹಜ. ಮತ್ತೆ, ಅಡ್ಡ ಅಕ್ಷದಲ್ಲಿ 30, 60, 90 ದಿನಗಳ ಪಕ್ಕದಲ್ಲಿ ‘ಕೊಯ್ಲು’ ಎಂದು ಅಷ್ಟೇ ಅಂತರದಲ್ಲಿ ಗುರುತಿಸಿದ್ದೀರಿ. ಕೊಯ್ಲು ಆದದ್ದು 114ನೆಯ ದಿನ. ಸಮ ಅಂತರದಲ್ಲಿಟ್ಟಾಗ ಕೊನೆಯ ಹಂತದ ಬೆಳವಣಿಗೆ ನಿಜಕ್ಕಿಂತ ನಿಧಾನವಾಗಿ ಕಾಣುತ್ತದೆ. ಬಿಂದುವನ್ನು ಅದರ ಜಾಗಕ್ಕೆ ಸರಿಸಿ, ದಿನವನ್ನು ಅಡಿಬರಹದಲ್ಲಿ ಹೇಳಿ. ಗೆರೆಗಳನ್ನು ಬಣ್ಣದ ಹೆಸರಿನಿಂದ ಗುರುತಿಸಬೇಡಿ. ಕಪ್ಪುಬಿಳುಪಿನಲ್ಲಿ ಮುದ್ರಿಸಿಕೊಂಡವರಿಗೂ, ಕೆಂಪು ಹಸಿರು ಬೇರೆಯಾಗಿ ಕಾಣದವರಿಗೂ ಆಕಾರದ ಗುರುತು ಬೇಕು.

‘ಚಿತ್ರ 2. ಜುಲೈ ಮೂರನೆಯ ವಾರ ಬಿತ್ತಿದ ಮಳೆಯಾಶ್ರಿತ ರಾಗಿಯಲ್ಲಿ (ಜಿಪಿಯು-28; ಬೆಂಗಳೂರು, 2022ರ ಮುಂಗಾರು) ನೆಲದ ಮೇಲಿನ ಒಣ ಪದಾರ್ಥದ ಶೇಖರಣೆ. ಸಾರಜನಕ, ಹೆಕ್ಟೇರಿಗೆ ಕೆ.ಜಿ.: ಖಾಲಿ ವೃತ್ತ 0, ತುಂಬಿದ ವೃತ್ತ 25, ಖಾಲಿ ಚೌಕ 50, ತುಂಬಿದ ಚೌಕ 75. ಪ್ರತಿ ಬಿಂದು ಮೂರು ತಾಕುಗಳ ಸರಾಸರಿ, ತಾಕಿಗೆ ಐದು ಗುಣಿಗಳನ್ನು ತೂಗಿದೆ. ಲಂಬ ಗೆರೆಗಳು ಸರಾಸರಿಯ ಎರಡೂ ಬದಿಗೆ ಒಂದೊಂದು ಮಾನಕ ದೋಷ (ಮೂರು ತಾಕುಗಳಿಂದ). ಕೊನೆಯ ಬಿಂದು ಕೊಯ್ಲಿನದು, ಬಿತ್ತಿದ 114ನೆಯ ದಿನ.’

ಚಿತ್ರದ ಮೊದಲ ವಾಕ್ಯದಲ್ಲೇ ಫಲಿತಾಂಶವನ್ನು ಹೇಳಬಹುದೇ ಎಂದು ಕೆಲವರು ಕೇಳುತ್ತಾರೆ. ‘50 ಕೆ.ಜಿ. ದಾಟಿದ ಮೇಲೆ ಸಾರಜನಕದಿಂದ ಒಣ ಪದಾರ್ಥ ಹೆಚ್ಚಲಿಲ್ಲ’ ಎನ್ನುವಂತೆ. ಜೀವವಿಜ್ಞಾನದ ಹಲವು ನಿಯತಕಾಲಿಕಗಳಲ್ಲಿ ಇದು ಸಾಮಾನ್ಯ, ನಮ್ಮ ಬೇಸಾಯಶಾಸ್ತ್ರದಲ್ಲಿ ಕಡಿಮೆ. ನನಗೆ ವೈಯಕ್ತಿಕವಾಗಿ ಇಷ್ಟ, ಆದರೆ ನಿಮ್ಮ ಈ ಚಿತ್ರಕ್ಕೆ ಬೇಡ ಎನ್ನುತ್ತೇನೆ. ಒಂದು ವರ್ಷದ, ಒಂದು ಬಿತ್ತನೆಯ, ಮೂರು ತಾಕುಗಳ ಆಧಾರದ ಮೇಲೆ ಅಷ್ಟು ದೊಡ್ಡ ಮಾತನ್ನು ಅಡಿಬರಹದಲ್ಲಿ ಆಡಿದರೆ, ಚಿತ್ರವನ್ನು ಮಾತ್ರ ನೋಡಿದವರು ಅದನ್ನೇ ಶಿಫಾರಸು ಎಂದು ಹೊತ್ತೊಯ್ಯುತ್ತಾರೆ. ಕೋಷ್ಟಕಗಳಿಗಂತೂ ವಿವರಣೆಯ ಶೀರ್ಷಿಕೆಯೇ ಸರಿ. ಅಲ್ಲಿ ಹತ್ತಾರು ಅಂಕಿಗಳಿರುತ್ತವೆ, ಒಂದು ತೀರ್ಮಾನವನ್ನು ತಲೆಯ ಮೇಲೆ ಕೂರಿಸಿದರೆ ಉಳಿದವು ಮರೆಯಾಗುತ್ತವೆ.

ಉಳಿದ ಕೋಷ್ಟಕ, ಚಿತ್ರಗಳಿಗೂ ಇದೇ ರೀತಿ ಮಾಡಿ. ಮುಗಿದ ಮೇಲೆ ಒಂದೊಂದನ್ನೂ ಬೇರೆ ಹಾಳೆಯಲ್ಲಿ ಮುದ್ರಿಸಿ, ನಿಮ್ಮ ವಿಭಾಗದವರಲ್ಲದ ಒಬ್ಬರ ಕೈಗೆ ಕೊಡಿ. ಕೀಟಶಾಸ್ತ್ರದ ಗೆಳತಿಯಾದರೆ ಚೆನ್ನ, ಅಂಕಿಅಂಶ ಗೊತ್ತಿರುತ್ತದೆ, ನಿಮ್ಮ ಪ್ರಯೋಗ ಗೊತ್ತಿರುವುದಿಲ್ಲ. ಒಂದು ಅಂಕಿಯ ಮೇಲೆ ಬೆರಳಿಟ್ಟು ‘ಇದು ಏನು ಹೇಳುತ್ತದೆ, ಪೂರ್ಣ ವಾಕ್ಯದಲ್ಲಿ ಹೇಳು’ ಎನ್ನಿ. ನೀವು ಬಾಯಿ ತೆರೆಯಬಾರದು. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ಪದ ಬಿಟ್ಟಿದೆ. ನಿಯತಕಾಲಿಕದ ಪದಮಿತಿ ಅಡ್ಡ ಬಂದರೆ ಮೊದಲು ವಿನ್ಯಾಸದ ಹೆಸರನ್ನು ಬಿಡಬಹುದು, ಆಮೇಲೆ ತಳಿಯ ಹೆಸರನ್ನು. ಸ್ಥಳ ಮತ್ತು ವರ್ಷ, ಅಳತೆಗಳ ಸಂಖ್ಯೆ, ದೋಷಗೆರೆಯ ಅರ್ಥ ಇವನ್ನು ಬಿಡಬೇಡಿ. ‘ಸಂಕೇತಗಳಿಗೆ ಕೋಷ್ಟಕ 2 ನೋಡಿ’ ಎಂಬ ಸುಲಭದ ದಾರಿಯನ್ನು ಪರಿಶೀಲಕರು ಒಪ್ಪುವುದಿಲ್ಲ. ಅವರು ಆಕ್ಷೇಪಿಸಿರುವುದೇ ಅದನ್ನು.

ಹೀಗೆ ಎಲ್ಲ ಅಡಿಬರಹಗಳಲ್ಲೂ ಅದೇ ವಿವರ ಮರುಕಳಿಸುವುದರಿಂದ ಒಂದರಿಂದ ನಕಲು ಮಾಡಿ ಇನ್ನೊಂದಕ್ಕೆ ಅಂಟಿಸುವುದು ಅನಿವಾರ್ಯ. ಆಗ ಹಳೆಯ ವರ್ಷ, ಹಳೆಯ ಸಂಖ್ಯೆ ಹಾಗೆಯೇ ಉಳಿದುಬಿಡುತ್ತದೆ. ಅಡಿಬರಹಗಳನ್ನು ಲೇಖನದ ಪಠ್ಯದೊಂದಿಗೆ ತಾಳೆ ನೋಡಿದರೆ ಇದು ಸಿಗುವುದಿಲ್ಲ, ವಿಶ್ಲೇಷಣೆಯ ಮೂಲ ಕಡತವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಒಂದೊಂದನ್ನೂ ನೋಡಬೇಕು. ಚಿತ್ರ 3ರಿಂದಲೇ ಶುರು ಮಾಡಿ: ಅದರ ಒಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 2021 ಎಂದಿದೆ, ಕೆಳಗಿನ ಅಡಿಬರಹದಲ್ಲಿ 2022 ಎಂದಿದೆ.